ತಂಗಿಯ ಸಹಿ ಮತ್ತು ನಮ್ಮ ಬೀದಿ ನಾಟಕ



ಬಸವ ಜಯಂತಿ ಹತ್ತಿರ ಬಂದಾಗ, ಆಮೇಲೆ ಶ್ರಾವಣದ ಪ್ರವಚನಗಳು ಶುರುವಾಗುವ ಹೊತ್ತಿಗೆ, ತರುಣ ಸಂಘಗಳಿಂದಲೂ ಅಕ್ಕನ ಬಳಗಗಳಿಂದಲೂ ನನಗೊಂದು ಕೋರಿಕೆ ತಪ್ಪದೆ ಬರುತ್ತದೆ. ‘ನಾವು ಎಂಟು ಹತ್ತು ಮಂದಿ ಹವ್ಯಾಸಿ ಕಲಾವಿದರಿದ್ದೇವೆ, ಸಮಾಜಕ್ಕೆ ಉಪಯೋಗವಾಗುವಂಥ ನಾಟಕದ ವಿಷಯ ಸೂಚಿಸಿರಿ’ ಎಂದು. ಕೇಳುವವರೇ ಒಂದು ಪಟ್ಟಿಯನ್ನೂ ಕೊಡುತ್ತಾರೆ: ವರದಕ್ಷಿಣೆ, ಕುಡಿತ, ಮೂಢನಂಬಿಕೆ, ಒಳಪಂಗಡ, ಪರಿಸರ. ಪಟ್ಟಿಯಲ್ಲಿ ದೋಷವಿಲ್ಲ. ಆದರೆ ಇವೆಲ್ಲ ಭಾಷಣದ ವಿಷಯಗಳು. ನಾಟಕ ಕಟ್ಟಲು ಇಷ್ಟು ಸಾಲದು. ಒಬ್ಬ ಮನುಷ್ಯ ನಾಲ್ಕು ಮಂದಿಯ ಎದುರು ‘ಹೂಂ’ ಅಥವಾ ‘ಒಲ್ಲೆ’ ಎನ್ನಲೇಬೇಕಾದ ಒಂದು ಗಳಿಗೆ ಕಣ್ಣಿಗೆ ಕಾಣಬೇಕು. ಅದು ಕಾಣದಿದ್ದರೆ ನಾಟಕವು ಘೋಷಣೆಯಿಂದ ಶುರುವಾಗಿ ಘೋಷಣೆಯಲ್ಲೇ ಮುಗಿಯುತ್ತದೆ.

ಸಾಣೇಹಳ್ಳಿಯ ಶಿವಸಂಚಾರವು 1997ರಿಂದ ವರ್ಷವರ್ಷವೂ ನಾಟಕಗಳನ್ನು ಊರೂರಿಗೆ ಒಯ್ಯುತ್ತಿರುವುದನ್ನು ನಮ್ಮ ಓದುಗರು ಬಲ್ಲರು. 1975ರಲ್ಲಿ ಹುಟ್ಟಿದ ಸಮುದಾಯ ಸಂಘಟನೆ ಬೀದಿ ನಾಟಕವನ್ನು ಕನ್ನಡದ ಹಳ್ಳಿಗಳಿಗೆ ಪರಿಚಯಿಸಿದ ಬಗೆಯನ್ನೂ ಹಿರಿಯರು ನೆನೆಯುತ್ತಾರೆ. ಅವರ ತರಬೇತಿ, ಬೆಳಕು, ಪರಿಕರ ನಮ್ಮ ಹವ್ಯಾಸಿಗಳ ಬಳಿ ಇಲ್ಲ. ಆದರೆ ಅವರಿಗಿಲ್ಲದ ಒಂದು ಅನುಕೂಲ ನಮ್ಮವರಿಗಿದೆ. ಆಡುವವರು ಅದೇ ಊರಿನವರು, ನೋಡುವವರ ಮನೆಯ ಒಳಗುಟ್ಟು ಅವರಿಗೆ ಗೊತ್ತು. ಆದ್ದರಿಂದ ಈ ಸಲ ಒಂದೇ ವಸ್ತುವನ್ನು ಹಿಡಿದು, ಅದನ್ನು ನಾಟಕವಾಗಿ ಕಟ್ಟುವುದು ಹೇಗೆಂದು ಬಿಡಿಸಿ ಬರೆಯುತ್ತೇನೆ. ಆ ವಸ್ತು ನಮ್ಮೆಲ್ಲರ ಮನೆಯಲ್ಲೂ ಇದೆ, ಆದರೆ ಗೋಷ್ಠಿಗಳಲ್ಲಿ ಬಾಯಿಗೆ ಬರುವುದಿಲ್ಲ. ತಂದೆ ಲಿಂಗೈಕ್ಯರಾದ ಮೇಲೆ ಹೆಣ್ಣುಮಕ್ಕಳಿಂದ ಬರೆಸಿಕೊಳ್ಳುವ ಹಕ್ಕು ಬಿಡುಗಡೆ ಪತ್ರ.

ನಡೆಯುವ ಕ್ರಮ ಎಲ್ಲರಿಗೂ ಗೊತ್ತಿದ್ದದ್ದೇ. ಹಿರಿಯರ ಕಾರ್ಯ ಮುಗಿದು ಕೆಲವು ತಿಂಗಳಿಗೆ ವಂಶವೃಕ್ಷ ಮಾಡಿಸಬೇಕಾಗುತ್ತದೆ, ಉತಾರಕ್ಕೆ ಹೆಸರು ಏರಿಸಬೇಕಾಗುತ್ತದೆ. ಕೆಲವರು ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಬರೆಸುತ್ತಾರೆ. ಅಷ್ಟು ಧೈರ್ಯ ಸಾಲದವರು ಅಕ್ಕತಂಗಿಯರನ್ನು ಹಬ್ಬಕ್ಕೋ ಜಾತ್ರೆಗೋ ಕರೆಸಿ, ಮರುದಿನ ಉಪನೋಂದಣಾಧಿಕಾರಿಯ ಕಚೇರಿಗೆ ಕರೆದೊಯ್ಯುತ್ತಾರೆ. ಸಹಿ ಆಗುತ್ತದೆ, ಸೀರೆ ಕೊಡುತ್ತಾರೆ, ಉಡಿ ತುಂಬಿ ಕಳಿಸುತ್ತಾರೆ. ಓದಿ ಹೇಳಿದವರಿಲ್ಲ, ಕೇಳಿದವರೂ ಇಲ್ಲ.

ಕಾನೂನು ಏನು ಹೇಳುತ್ತದೆ ಎಂಬುದನ್ನು ತಂಡದ ಪ್ರತಿಯೊಬ್ಬರೂ ತಿಳಿದಿರಬೇಕು. ನಾಟಕದಲ್ಲಿ ಹೇಳಲಿಕ್ಕಲ್ಲ, ಆಮೇಲೆ ಯಾರಾದರೂ ಕೇಳಿದರೆ ತಪ್ಪು ಹೇಳದಿರಲಿಕ್ಕೆ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆ ವೀರಶೈವರಿಗೂ ಲಿಂಗಾಯತರಿಗೂ ಅನ್ವಯಿಸುತ್ತದೆಂದು ಅದರ 2ನೆಯ ಕಲಮಿನಲ್ಲಿ ನಮ್ಮ ಹೆಸರು ಹಿಡಿದೇ ಬರೆದಿದೆ. ಸ್ವತಂತ್ರ ಧರ್ಮದ ಪ್ರಶ್ನೆಯಲ್ಲಿ ಯಾರ ನಿಲುವು ಏನೇ ಇರಲಿ, ಇಂದು ಆಸ್ತಿಯ ಲೆಕ್ಕ ನಡೆಯುವುದು ಈ ಕಾಯಿದೆಯಂತೆ. ತಂದೆ ತಾನೇ ಗಳಿಸಿದ ಹೊಲವಿದ್ದು, ಮರಣಪತ್ರ ಬರೆಯದೆ ಹೋದರೆ, ಹೆಂಡತಿಗೂ ಗಂಡುಮಕ್ಕಳಿಗೂ ಹೆಣ್ಣುಮಕ್ಕಳಿಗೂ ಸಮಪಾಲು. ಪಿತ್ರಾರ್ಜಿತವಾದರೆ 2005ರ ಸೆಪ್ಟೆಂಬರ್ 9ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಮಗಳಿಗೆ ಮಗನಷ್ಟೇ ಹುಟ್ಟುಹಕ್ಕು. ಆ ದಿನ ತಂದೆ ಜೀವಂತವಿರಲೇಬೇಕೆಂದಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. ಆದರೆ 2004ರ ಡಿಸೆಂಬರ್ 20ಕ್ಕಿಂತ ಮೊದಲೇ ನೋಂದಣಿಯಾದ ವಾಟಣಿಯನ್ನು ಈ ತಿದ್ದುಪಡಿ ಅಲುಗಿಸುವುದಿಲ್ಲ. ಮದುವೆಗೆ ಖರ್ಚು ಮಾಡಿದ ಮಾತ್ರಕ್ಕೆ ಮಗಳ ಪಾಲು ಹೋಗುವುದಿಲ್ಲ. ಇನ್ನು ನೋಂದಣಿಯಾದ ಬಿಡುಗಡೆ ಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂತೆಗೆಯಲು ಬರುವುದಿಲ್ಲ. ಮೋಸ ಅಥವಾ ಒತ್ತಾಯ ನಡೆಯಿತೆಂದು ನ್ಯಾಯಾಲಯದಲ್ಲಿ ತೋರಿಸಬೇಕಾಗುತ್ತದೆ. ಆದ್ದರಿಂದಲೇ ಸಹಿಗೆ ಮುಂಚಿನ ಆ ಅರ್ಧ ಗಂಟೆ ಇಡೀ ನಾಟಕವಾಗಬಲ್ಲದು.

ಈಗ ನಾಟಕಕ್ಕೆ ಬರೋಣ. ಮೂರು ಮಕ್ಕಳ ಒಂದು ಮನೆ ಎಂದಿಟ್ಟುಕೊಳ್ಳಿ. ಹಿರಿಯಕ್ಕ, ನಡುವೆ ಅಣ್ಣ, ಕೊನೆಗೆ ತಂಗಿ. ತಂದೆ ಗಳಿಸಿದ್ದು 6 ಎಕರೆ. ಅವ್ವ ಇದ್ದಾಳೆ. ನಾಲ್ಕು ಪಾಲು ಮಾಡಿದರೆ ಒಬ್ಬೊಬ್ಬರಿಗೆ 1 ಎಕರೆ 20 ಗುಂಟೆ. ಈ ಲೆಕ್ಕವನ್ನು ಮಾತಿನಲ್ಲಿ ಹೇಳಿಸಬೇಡಿ. ಬಾವಿಯ ಹಗ್ಗವೊಂದನ್ನು ತಂದು ನೆಲದ ಮೇಲೆ ಹೊಲದ ಹಾಗೆ ಹಾಸಿರಿ. ಮೊದಲ ದೃಶ್ಯದಲ್ಲಿ ಮೂವರೂ ಮಕ್ಕಳು ಆ ಹಗ್ಗದೊಳಗೆ ಅಪ್ಪನ ಜೊತೆ ಕಳೆ ಕೀಳುತ್ತಾರೆ. ಅಪ್ಪ ಹೋದ ಮೇಲೆ ಅಣ್ಣ ಮಾತನಾಡುತ್ತ ಮಾತನಾಡುತ್ತ ಹಗ್ಗವನ್ನು ಸುತ್ತಿಕೊಳ್ಳತೊಡಗುತ್ತಾನೆ. ಅಕ್ಕತಂಗಿಯರು ಒಂದೊಂದು ಹೆಜ್ಜೆ ಹಿಂದೆ ಸರಿಯಬೇಕಾಗುತ್ತದೆ. ಕಳೆದ ಶ್ರಾವಣದಲ್ಲಿ ನಾನು ನೋಡಿದ ತಂಡವೊಂದು ಹೀಗೆ ಮಾಡಿತ್ತು. ಹಗ್ಗ ಸುತ್ತುವಾಗ ಮುಂದೆ ಕುಳಿತ ಹುಡುಗರ ಗದ್ದಲವೂ ನಿಂತಿತ್ತು. ಓದು ಬರದ ಮುದುಕಿಗೂ ಏನಾಗುತ್ತಿದೆ ಎಂದು ತಿಳಿದಿತ್ತು.

ಇಂಥ ನಾಟಕಗಳು ಕೆಡುವುದು ಹೆಚ್ಚಾಗಿ ಅಣ್ಣನ ಪಾತ್ರದಲ್ಲಿ. ಅವನಿಗೆ ಮೀಸೆ ಹಚ್ಚಿ, ಕೈಯಲ್ಲಿ ಬಾಟಲಿ ಕೊಟ್ಟು, ಅಕ್ಕನ ಮೇಲೆ ಕೈ ಎತ್ತಿಸುತ್ತಾರೆ. ನೋಡುವ ಅಣ್ಣಂದಿರಿಗೆ ಇದರಿಂದ ಬಹಳ ಸಮಾಧಾನವಾಗುತ್ತದೆ, ‘ನಾನು ಇಂಥವನಲ್ಲ’ ಎಂದುಕೊಂಡು ಎದ್ದು ಹೋಗುತ್ತಾರೆ. ನಮ್ಮ ನಿಜವಾದ ಅಣ್ಣ ಕುಡಿಯುವುದಿಲ್ಲ. ಬೆಳಿಗ್ಗೆ ಲಿಂಗಪೂಜೆ ಮಾಡುತ್ತಾನೆ, ತಂಗಿಯ ಬಾಣಂತನ ಮಾಡಿಸಿದವನು, ಅವ್ವನನ್ನು ಆಸ್ಪತ್ರೆಗೆ ಹೊತ್ತುಕೊಂಡು ಹೋದವನು. ಎರಡು ಬೋರು ಕೊರೆಸಿದ್ದಾನೆ, ಎರಡೂ ಒಣಗಿವೆ. ಸೊಸೈಟಿಯಲ್ಲಿ ಸಾಲ ಹೊಸದು ಮಾಡಿಸಬೇಕು, ಖಾತೆ ಒಬ್ಬರ ಹೆಸರಿನಲ್ಲಿದ್ದರೆ ಕೆಲಸ ಸಲೀಸು ಎಂದು ಯಾರೋ ಹೇಳಿದ್ದಾರೆ. ಅವನು ಸಹಿ ಕೇಳುವುದು ದುಷ್ಟತನದಿಂದಲ್ಲ. ಅಕ್ಕತಂಗಿಯರಿಗೆ ಹೊಲದಲ್ಲಿ ಪಾಲಿದೆ ಎಂಬ ಮಾತು ಅವನ ತಲೆಗೇ ಬಂದಿಲ್ಲ. ಅವನ ಬಾಯಲ್ಲಿ ಬರುವ ಮಾತುಗಳನ್ನು ಪೂರ್ತಿ ಬಲದಿಂದ ಆಡಿಸಬೇಕು:

‘ಯಕ್ಕಾ, ನಿಮ್ಮಿಬ್ಬರ ಲಗ್ನಕ್ಕ ಎಷ್ಟು ತಾಪತ್ರಯ ಪಟ್ಟೀವಿ ನೋಡೀರಿಲ್ಲೊ. ಬಂಗಾರ ಹಾಕೀವಿ, ಬಾಣಂತನ ಮಾಡೀವಿ. ಈ ಹೊಲ ತಗೊಂಡು ನೀವೇನು ಇಲ್ಲಿ ಬಂದು ಬಿತ್ತತೀರೇನು? ಒಂದು ಸಹಿ ಮಾಡ್ರಿ. ತವರು ಎಲ್ಲಿಗೆ ಓಡಿ ಹೋಗ್ತದ?’

ಈ ಮಾತಿಗೆ ಕೂಟದಲ್ಲಿ ತಲೆಯಾಡಿಸುವವರು ಇರಬೇಕು. ಇಲ್ಲದಿದ್ದರೆ ಅಣ್ಣನ ಪಾತ್ರವನ್ನು ಹಗುರ ಮಾಡಿದ್ದೀರಿ ಎಂದರ್ಥ.

ತಂಗಿಯ ಇಕ್ಕಟ್ಟು ಇನ್ನೂ ಸೂಕ್ಷ್ಮವಾದದ್ದು. ಆಕೆಗೆ ಆಸೆ ಇರುವುದು ಹೊಲದ ಮೇಲಲ್ಲ, ತವರಿನ ಬಾಗಿಲ ಮೇಲೆ. ಗಂಡನ ಮನೆಯಲ್ಲಿ ಏನಾದರೂ ಆದರೆ ಬಂದು ನಾಲ್ಕು ದಿನ ಇರಲು ಒಂದು ಜಾಗ, ಪಂಚಮಿಗೆ ಕರೆಯಲು ಒಬ್ಬ ಅಣ್ಣ. ಪಾಲು ಕೇಳಿದರೆ ಅದು ಹೋಗುತ್ತದೆ, ಕೇಳದಿದ್ದರೆ ಉಳಿಯುತ್ತದೆ ಎಂಬ ನಂಬಿಕೆಯೇ ಆಕೆಯ ಕೈ ಹಿಡಿದು ಸಹಿ ಮಾಡಿಸುವುದು. ಅತ್ತ ಗಂಡ ಬೇರೆ, ‘ಬಿಡಬೇಡ, ಮಾರಿ ಇಲ್ಲಿ ಮನೆ ಕಟ್ಟೋಣ’ ಎಂದು ಚುಚ್ಚುತ್ತಿರುತ್ತಾನೆ. ಆಕೆ ಬಾಯಿ ತೆರೆದರೆ ‘ಗಂಡ ಕಲಿಸಿಕೊಟ್ಟಾನ’ ಎನ್ನುತ್ತಾರೆ. ಆ ಮಾತು ಪೂರ್ತಿ ಸುಳ್ಳೂ ಅಲ್ಲ. ಈ ಗಂಡನನ್ನು ನಾಟಕದಿಂದ ಬಿಡಬೇಡಿ. ಆತ ಬಂದರೇನೇ ಪ್ರಶ್ನೆ ನಿಜವಾಗಿ ಬಿಗಿಯಾಗುವುದು: ಹೊಲ ಅಣ್ಣನಿಗೋ, ಗಂಡನಿಗೋ, ಅಥವಾ ಆಕೆಗೋ?

ಅಕ್ಕ ಮೊದಲೇ ಸಹಿ ಮಾಡಿದ್ದಾಳೆ, ತಂಗಿಗೂ ಮಾಡು ಎನ್ನುತ್ತಾಳೆ. ಅವ್ವ ಮೂಲೆಯಲ್ಲಿ ಕುಳಿತಿದ್ದಾಳೆ. ಆಕೆಗೂ ಸರಿಯಾಗಿ ಒಂದು ಪಾಲಿದೆ ಎಂಬುದು ಮನೆಯಲ್ಲಿ ಯಾರ ಲಕ್ಷ್ಯಕ್ಕೂ ಬಂದಿಲ್ಲ. ಅವ್ವನಿಗೆ ಮಾತು ಕಡಿಮೆ ಕೊಡಿರಿ. ಬಾಂಡ್ ಬರೆಯುವವನು ಹಾಸ್ಯಕ್ಕೆ ಒದಗುತ್ತಾನೆ, ಆದರೆ ಅವನ ಹಾಸ್ಯ ಎರಡು ನಿಮಿಷ ಮೀರಬಾರದು. ಹಳ್ಳಿಯ ನಾಟಕಗಳಲ್ಲಿ ಹಾಸ್ಯಪಾತ್ರ ಕಥೆಯನ್ನೇ ನುಂಗುವುದನ್ನು ನಾವು ನೋಡುತ್ತಲೇ ಇದ್ದೇವೆ.

ಈ ಮಾತಿಗೆ ಸೇರಿಕೊಂಡಂತೆ ಒಂದು ವಿಷಯ. ಜಾತ್ರೆಯ ರಾತ್ರಿ ನಮ್ಮ ಊರುಗಳಲ್ಲಿ ಆಡುವ ಸಾಮಾಜಿಕ ನಾಟಕಗಳಲ್ಲಿ ಅಣ್ಣನಿಗಾಗಿ ಎಲ್ಲ ಬಿಟ್ಟುಕೊಡುವ ತಂಗಿಯನ್ನು ಬಹಳ ಕಾಲದಿಂದ ಮೆರೆಸುತ್ತ ಬಂದಿದ್ದೇವೆ. ಹಾರ್ಮೋನಿಯಂ ಮಾಸ್ತರರು ರಾಗ ಎಳೆದಾಗ ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಾರೆ. ನಮ್ಮ ತಂಗಿ ಆ ತಂಗಿಯ ಎದುರು ನಿಲ್ಲಬೇಕಾದವಳು. ಆದ್ದರಿಂದ ಇಲ್ಲಿ ಅಳಿಸುವ ಹಾಡು ಬೇಡ. ಹಲಗೆ ಒಂದು, ತಾಳ ಒಂದು ಸಾಕು. ಅದೂ ಜನ ಕೂಡಿಸಲಿಕ್ಕೆ ಮತ್ತು ದೃಶ್ಯ ಬದಲಿಸಲಿಕ್ಕೆ.

ಹೆಣ್ಣು ಪಾತ್ರಗಳ ಪ್ರಶ್ನೆ ಬರುತ್ತದೆ. ಜಾತ್ರೆ ನಾಟಕಕ್ಕೆ ಕರೆಸುವಂತೆ ಹೊರಗಿನ ಕಲಾವಿದೆಯರನ್ನು ಕರೆಸಿದರೆ ಜನ ಅವರ ಅಭಿನಯವನ್ನು ಮೆಚ್ಚಿ ಮನೆಗೆ ಹೋಗುತ್ತಾರೆ. ಹುಡುಗನಿಗೆ ಸೀರೆ ಉಡಿಸಿದರೆ ಉಡಿ ತುಂಬುವ ದೃಶ್ಯದಲ್ಲಿ ನಗೆ ಏಳುತ್ತದೆ, ಅಲ್ಲಿಗೆ ನಾಟಕ ಮುಗಿದಂತೆ. ಅಕ್ಕನ ಬಳಗದಿಂದ ಮೂವರು ಮುಂದೆ ಬರುವವರೆಗೆ ಕಾಯುವುದೇ ಒಳ್ಳೆಯದು. ಅಭಿನಯ ಬರಬೇಕೆಂದಿಲ್ಲ, ದನಿ ಮೂವತ್ತು ಅಡಿ ಮುಟ್ಟಿದರೆ ಸಾಕು. ಅವರಿಗೆ ಮನೆಯಲ್ಲಿ ತೊಂದರೆಯಾಗುವುದೇ ಎಂದು ಮೊದಲೇ ಕೇಳಿಕೊಳ್ಳಿ. ತನ್ನ ತವರಿನಲ್ಲಿ ಇದೇ ವ್ಯಾಜ್ಯ ನಡೆದಿರುವ ತಾಯಿಗೆ ಈ ಪಾತ್ರ ಕೊಡಬಾರದು. ಊರಿನಲ್ಲಿ ಇಂಥ ದಾವೆ ನಡೆದಿದ್ದರೆ ಎಕರೆ, ಬೆಳೆ, ಮಕ್ಕಳ ಸಂಖ್ಯೆ ಅದಕ್ಕೆ ಹೋಲದಂತೆ ಬದಲಿಸಿಕೊಳ್ಳಿ. ಇಲ್ಲವಾದರೆ ಜನ ನಾಟಕ ನೋಡುವುದನ್ನು ಬಿಟ್ಟು ಆ ಮನೆಯವರ ಮುಖ ನೋಡುತ್ತಾರೆ.

ಸಂಭಾಷಣೆಯನ್ನು ಯಾರೊಬ್ಬರೂ ಕುಳಿತು ಬರೆಯುವ ಅಗತ್ಯವಿಲ್ಲ. ಮೊದಲ ನಾಲ್ಕು ಸಂಜೆ ಅಕ್ಕನ ಬಳಗದವರನ್ನೂ ಹಿರಿಯರನ್ನೂ ಕೂರಿಸಿಕೊಂಡು, ಇಂಥ ಹೊತ್ತಿನಲ್ಲಿ ಯಾರು ಯಾವ ಮಾತು ಆಡುತ್ತಾರೆಂದು ಕೇಳಿ ಬರೆದುಕೊಳ್ಳಿ. ಆ ಮಾತುಗಳ ಮೇಲೆ ದೃಶ್ಯ ಕಟ್ಟಿ ಹತ್ತು ಹನ್ನೆರಡು ಸಂಜೆ ತಾಲೀಮು ಮಾಡಿದರೆ ಇಪ್ಪತ್ತೈದು ನಿಮಿಷದ ನಾಟಕ ನಿಲ್ಲುತ್ತದೆ. ಅದಕ್ಕಿಂತ ಉದ್ದ ಬೇಡ, ಏಕೆಂದರೆ ನಿಜವಾದ ಕೆಲಸ ಆಮೇಲಿದೆ. ಜಾಗಕ್ಕೆ ಗುಡಿಯ ಮುಂದಿನ ಕಟ್ಟೆ ಎಲ್ಲರ ಮನಸ್ಸಿಗೆ ಬರುತ್ತದೆ, ಆದರೆ ಅಲ್ಲಿ ಗಂಡಸರು ಕೂರುತ್ತಾರೆ, ಹೆಂಗಸರು ದೂರ ನಿಲ್ಲುತ್ತಾರೆ. ಮನೆಗಳ ನಡುವಿನ ಓಣಿ ಒಳ್ಳೆಯದು. ಹೆಂಗಸರು ತಮ್ಮ ಬಾಗಿಲಲ್ಲೇ, ತಮ್ಮ ಕಟ್ಟೆಯ ಮೇಲೇ ಕುಳಿತು ನೋಡಬಹುದು. ಒಬ್ಬರ ಬೆನ್ನು ಒಂದೇ ಕಡೆಗೆ ಬಹಳ ಹೊತ್ತು ಇರದಂತೆ ಪಾತ್ರಧಾರಿಗಳು ತಿರುಗುತ್ತಿರಲಿ.

ಕೊನೆಯ ದೃಶ್ಯ ಹೀಗೆ. ಕಚೇರಿಗೆ ಹೊರಡುವ ಮೊದಲು ಅಣ್ಣನ ಹೆಂಡತಿ ತಂಗಿಯನ್ನು ಮಣೆಯ ಮೇಲೆ ಕೂರಿಸಿ ಉಡಿ ತುಂಬುತ್ತಾಳೆ. ಅಕ್ಕಿ, ಕೊಬ್ಬರಿ, ಕುಪ್ಪಸದ ಖಣ. ಉಡಿ ತುಂಬುತ್ತಿರುವಾಗಲೇ ಬಾಂಡ್ ಬರೆಯುವವನು ಕಾಗದವನ್ನೂ ಶಾಯಿಯ ಪ್ಯಾಡನ್ನೂ ಮುಂದೆ ಹಿಡಿಯುತ್ತಾನೆ. ‘ಇಲ್ಲೇ ಬರೆದು ಮುಗಿಸೋಣ, ಕಚೇರಿಯಲ್ಲಿ ಗದ್ದಲ ಇರ್ತದ’ ಎನ್ನುತ್ತಾನೆ. ಎರಡೂ ಕೈಯಲ್ಲಿ ಉಡಿ ಹಿಡಿದವಳು ಸಹಿ ಮಾಡಬೇಕಾದರೆ ಉಡಿಯನ್ನು ಬಿಡಬೇಕು. ಅಲ್ಲಿ ಎಲ್ಲರೂ ಹಾಗೆಯೇ ನಿಲ್ಲಲಿ. ಹಲಗೆಯ ಒಂದೇ ಪೆಟ್ಟು. ಸೂತ್ರಧಾರ ಜನರ ಕಡೆ ತಿರುಗಿ ಕೇಳುತ್ತಾನೆ, ‘ಈಗ ಈಕೆ ಏನು ಹೇಳಬೇಕ್ರಿ?’

‘ಇದು ಸರಿಯೋ ತಪ್ಪೋ’ ಎಂದು ಮಾತ್ರ ಕೇಳಬಾರದು. ಹಾಗೆ ಕೇಳಿದರೆ ಎಲ್ಲರೂ ಸರಿಯಾದ ಉತ್ತರವನ್ನೇ ಕೊಡುತ್ತಾರೆ, ಊರಿನಲ್ಲಿ ಏನೂ ಬದಲಾಗುವುದಿಲ್ಲ. ಬ್ರೆಜಿಲಿನ ರಂಗಕರ್ಮಿ ಆಗುಸ್ಟೊ ಬೋಲ್ ಪೆರು ದೇಶದಲ್ಲಿ ಕೆಲಸ ಮಾಡುವಾಗ ಪ್ರೇಕ್ಷಕರು ಹೇಳಿದಂತೆ ನಟರು ಆಡುವ ಪದ್ಧತಿ ಇಟ್ಟುಕೊಂಡಿದ್ದರು. ಒಬ್ಬ ಹೆಂಗಸಿಗೆ ತಾನು ಹೇಳಿದ್ದನ್ನು ನಟರು ಎಷ್ಟು ಸಲ ಆಡಿದರೂ ಸಮಾಧಾನವಾಗಲಿಲ್ಲ. ಕೊನೆಗೆ ಆಕೆಯೇ ರಂಗಕ್ಕೆ ಬಂದು ಆಡಿ ತೋರಿಸಿದಳು. ಅಲ್ಲಿಂದ ಅವರ ಪದ್ಧತಿಯೇ ಬದಲಾಯಿತು. ನಮ್ಮ ಓಣಿಗಳಲ್ಲಿ ಹೆಂಗಸರು ನಡುವೆ ಬಂದು ನಿಲ್ಲುವುದು ಅಪರೂಪ, ಒತ್ತಾಯಿಸಲೂ ಬಾರದು. ಅವರು ಬಾಗಿಲಲ್ಲೇ ಕುಳಿತು ಹೇಳಲಿ, ತಂಗಿಯ ಪಾತ್ರದವಳು ಅದನ್ನು ಆಡಲಿ. ಅಣ್ಣ ತನ್ನ ಸ್ವಭಾವ ಬಿಡದೆ ಉತ್ತರ ಕೊಡಲಿ.

ಬರುವ ಉತ್ತರಗಳಿಗೆ ತಂಡ ತಯಾರಿರಬೇಕು. ತಾಲೀಮಿನಲ್ಲಿ ಕನಿಷ್ಠ ಮೂರು ಮುಂದುವರಿಕೆಗಳನ್ನು ಆಡಿ ನೋಡಿರಿ. ‘ಸಹಿ ಮಾಡಲಿ, ಅಣ್ಣ ಮುಖ್ಯ’ ಎಂದರೆ ಸಹಿ ಮಾಡಿಸಿ ಐದು ವರ್ಷ ಮುಂದೆ ಹೋಗಿ: ಗಂಡ ತೀರಿಕೊಂಡಿದ್ದಾನೆ, ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬಂದಿದ್ದಾಳೆ, ಅಣ್ಣನಿಗೆ ಮನಸ್ಸಿದೆ, ಹೊಲ ಮಾರಿಹೋಗಿದೆ. ‘ಒಲ್ಲೆ ಅನ್ನಲಿ’ ಎಂದರೆ ಒಲ್ಲೆ ಎನ್ನಿಸಿ: ಮುಂದಿನ ಪಂಚಮಿಗೆ ಕರೆ ಬರುವುದಿಲ್ಲ. ಅದನ್ನೂ ಮುಚ್ಚಿಡದೆ ತೋರಿಸಬೇಕು. ಮೂರನೆಯ ದಾರಿ ಸಾಮಾನ್ಯವಾಗಿ ವಯಸ್ಸಾದ ಹೆಂಗಸರಿಂದ ಬರುತ್ತದೆ. ನಾನು ನೋಡಿದ ಕಡೆ ಹಿಂದಿನ ಕಟ್ಟೆಯಿಂದ ಒಬ್ಬ ಅಜ್ಜಿ, ‘ಹೊಲ ಅವನೇ ಮಾಡಲಿ, ಹೆಸರು ಎಲ್ಲರದೂ ಇರಲಿ’ ಎಂದರು. ಜಂಟಿ ಖಾತೆ ಎಂದರೆ ಇದೇ. ಅಣ್ಣ ಉಳುತ್ತಾನೆ, ಕಾಳುಕಡಿ ಕಳಿಸುತ್ತಾನೆ, ಮಾರುವ ಪ್ರಸಂಗ ಬಂದರೆ ಎಲ್ಲರ ಸಹಿ ಬೇಕು. ಇದರಲ್ಲೂ ತೊಡಕಿದೆ. ಸಾಲಕ್ಕೆ ಹೋದಾಗಲೆಲ್ಲ ಅಕ್ಕತಂಗಿಯರ ಒಪ್ಪಿಗೆ ತರಬೇಕಾಗುತ್ತದೆ, ಅಣ್ಣ ಗೊಣಗುತ್ತಾನೆ. ಆ ಗೊಣಗಾಟವನ್ನೂ ಆಡಿರಿ.

ಬಸವಣ್ಣನವರನ್ನು ಈ ನಾಟಕದಲ್ಲಿ ತರಬೇಕೇ ಎಂದು ತಂಡದವರು ಕೇಳುತ್ತಾರೆ. ನನ್ನ ಅಭಿಪ್ರಾಯದಲ್ಲಿ ಬೇಡ. ಅಕ್ಕ ನಾಗಮ್ಮನಿಗಿಲ್ಲದ ಜನಿವಾರ ತನಗೂ ಬೇಡವೆಂದು ಬಾಲಕ ಬಸವ ಮನೆ ಬಿಟ್ಟ ಕಥೆಯನ್ನು ನಾವು ತಲೆಮಾರುಗಳಿಂದ ಹೇಳಿಕೊಂಡು ಬಂದವರು. ಅಕ್ಕನಿಗೆ ಸಿಗದ್ದನ್ನು ತಮ್ಮ ಒಲ್ಲೆನೆಂದ ಕಥೆ ಅದು. ಉಡಿ ತುಂಬುವ ದೃಶ್ಯದ ಎದುರು ಕುಳಿತವರಿಗೆ ಅದು ತಾನಾಗಿ ನೆನಪಾಗದೆ ಇರದು. ಕೂಟದಲ್ಲಿ ಯಾರಾದರೂ ಒಬ್ಬರು ಎತ್ತುತ್ತಾರೆ. ಹಾಗೆ ಅವರ ಬಾಯಿಂದ ಬಂದ ಮಾತಿಗೂ, ಸೂತ್ರಧಾರ ಕೊನೆಗೆ ವಚನ ಹೇಳಿ ಕೈಮುಗಿಯುವುದಕ್ಕೂ ಬಹಳ ಅಂತರವಿದೆ. ವಕೀಲರನ್ನು ವೇಷ ಹಾಕಿಸಿ ತರುವುದೂ ಬೇಡ. ಚರ್ಚೆ ಮುಗಿದ ಮೇಲೆ ಅಕ್ಕನ ಬಳಗದ ಒಬ್ಬರು ಓಣಿಯಲ್ಲೇ ಒಂದು ಗಂಟೆ ಕುಳಿತಿರಲಿ. ಕೇಳಬೇಕಾದವರು ಎಲ್ಲರೆದುರು ಕೇಳುವುದಿಲ್ಲ, ನೀರಿನ ಕೊಡ ಹಿಡಿದುಕೊಂಡು ಬಂದು ಕೇಳುತ್ತಾರೆ. ತಾಲೂಕು ನ್ಯಾಯಾಲಯದ ಆವರಣದಲ್ಲಿರುವ ಕಾನೂನು ಸೇವೆಗಳ ಸಮಿತಿಯಲ್ಲಿ ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ. 1987ರ ಕಾಯಿದೆಯಲ್ಲೇ ಅದು ಇದೆ. ಅಷ್ಟನ್ನು ಹೇಳಿ ಕಳಿಸಿದರೆ ಸಾಕು. ಯಾರ ಮನೆಯ ವ್ಯಾಜ್ಯವನ್ನೂ ನಾಟಕದ ತಂಡ ತಾನು ಬಗೆಹರಿಸಲು ಹೋಗಬಾರದು.

ನಾಟಕ ತಟ್ಟಿತೋ ಇಲ್ಲವೋ ಎಂಬುದು ಚಪ್ಪಾಳೆಯಿಂದ ತಿಳಿಯುವುದಿಲ್ಲ. ಜೋರು ಚಪ್ಪಾಳೆ ಬಂದರೆ ಅಣ್ಣ ಖಳನಾಗಿದ್ದಾನೆಂದೇ ನನ್ನ ಅನುಮಾನ. ಗಂಡಸರು ತಮ್ಮತಮ್ಮಲ್ಲಿ ವಾದಕ್ಕೆ ಬಿದ್ದರೆ, ‘ಮದುವೆ ಖರ್ಚಿನ ಲೆಕ್ಕ ಏನಾಗಬೇಕು?’ ಎಂದು ಒಬ್ಬ ಸಿಟ್ಟಿನಿಂದ ಕೇಳಿದರೆ, ಅಲ್ಲಿ ಏನೋ ನಡೆದಿದೆ. ಆ ಸಿಟ್ಟಿನ ಪ್ರಶ್ನೆಯನ್ನು ಬರೆದುಕೊಂಡು ಮುಂದಿನ ಊರಿನಲ್ಲಿ ಅಣ್ಣನ ಬಾಯಲ್ಲೇ ಹಾಕಿರಿ.

ಉಳಿದ ವಸ್ತುಗಳನ್ನೂ ಇದೇ ರೀತಿ ಒರೆಗೆ ಹಚ್ಚಬಹುದು. ‘ದುಂದುವೆಚ್ಚ’ ಎಂದು ಹೊರಟರೆ ಭಾಷಣ. ತಂದೆಯ ಶಿವಗಣಾರಾಧನೆಗೆ ಎಷ್ಟು ಎಲೆ ಹಾಕಿಸಬೇಕೆಂದು ಬಂಧುಗಳೆಲ್ಲ ಸೇರಿ ಕೇಳುವಾಗ ಮಗ ಬಾಯಿ ತೆರೆಯುವ ಮುಂಚಿನ ಗಳಿಗೆಯಾದರೆ ನಾಟಕ. ‘ಸಾಲ’ ಎಂದರೆ ಭಾಷಣ. ವಾರದ ಕಂತು ಕಟ್ಟಲಾಗದ ಒಬ್ಬಳ ಮನೆಯ ಮುಂದೆ ಅದೇ ಗುಂಪಿನ ಉಳಿದ ಗೆಳತಿಯರು ಬಂದು ಕೂರುವುದಾದರೆ ನಾಟಕ. ಗಂಡ ತೀರಿದ ಅಕ್ಕನನ್ನು ತಮ್ಮನ ಮದುವೆಯಲ್ಲಿ ಅಕ್ಷತೆಯ ತಟ್ಟೆ ಹಿಡಿಯಲು ಕರೆಯಬೇಕೋ ಬೇಡವೋ, ಕರೆದರೆ ಆಕೆ ಬರುತ್ತಾಳೋ ಇಲ್ಲವೋ ಎಂಬಲ್ಲಿ ಇನ್ನೊಂದು ಇದೆ. ನಮ್ಮ ಗೋಷ್ಠಿಗಳಲ್ಲಿ ಎಲ್ಲರೂ ಒಪ್ಪಿ, ಮನೆಗೆ ಹೋಗಿ ಬಿಟ್ಟುಬಿಡುವ ಮಾತು ಅದು. ಅದಕ್ಕೆ ಐದು ಪಾತ್ರ, ಒಂದು ತಟ್ಟೆ, ಒಂದು ಹಿಡಿ ಅಕ್ಕಿ ಸಾಕು.